ಮೂರು ಗಂಟೆಯ ಪರೀಕ್ಷೆಗೆ ಸದ್ದು ಮಾಡದ ಮುಳ್ಳಿನ ವಾಚು: ಆರಿಸುವುದು ಹೇಗೆ

ಹೋದ ವರ್ಷ ಜೂನ್‌ನಲ್ಲಿ ನಮ್ಮ ಅಕ್ಕನ ಮಗ ಯುಪಿಎಸ್‌ಸಿ ಪ್ರಿಲಿಮ್ಸ್ ಪಾಸಾದ. ಆಗಸ್ಟ್ ಕೊನೆಗೆ ಬೆಂಗಳೂರಿನಲ್ಲಿ ಮೇನ್ಸ್. ಪುಸ್ತಕ, ಪೆನ್ನು, ಉಳಿಯೋಕೆ ಒಂದು ರೂಮು, ಎಲ್ಲ ಹೊಂದಿಸಿಕೊಂಡವನಿಗೆ ಜುಲೈ ಮೊದಲ ವಾರದಲ್ಲಿ ನೆನಪಾಯಿತು, ತನ್ನ ಹತ್ತಿರ ವಾಚೇ ಇಲ್ಲ ಅಂತ. ಈಗಿನ ಹುಡುಗರಿಗೆ ಟೈಮ್ ಅಂದರೆ ಮೊಬೈಲು. ಮೊಬೈಲನ್ನು ಗೇಟಿನ ಹೊರಗೇ ಬಿಡಬೇಕು. "ಮಾಮ, ಆನ್‌ಲೈನಲ್ಲಿ ಒಂದು ಆರ್ಡರ್ ಮಾಡ್ಬಿಡ್ಲಾ?" ಅಂದ. ಬೇಡ ಮಾರಾಯ, ಅಂದೆ. ಫೋಟೋ ನೋಡಿದರೆ ಡಯಲ್ ಕಾಣುತ್ತದೆ, ಸದ್ದು ಕೇಳುತ್ತದಾ?

ನಾನು ವಾಚು ರಿಪೇರಿ ಮಾಡುವವನಲ್ಲ. ಆದರೆ ಮನೆಯಲ್ಲಿ ಇರುವ ಹಳೇ ವಾಚುಗಳನ್ನೆಲ್ಲ ಬಿಚ್ಚಿ ನೋಡುವ ಚಟ ಇದೆ, ಬಿಚ್ಚಿದ್ದರಲ್ಲಿ ಅರ್ಧ ವಾಪಸ್ ಓಡುತ್ತವೆ. ಅವನಿಗೆ ವಾಚು ಹುಡುಕಲು ಚಿಕ್ಕಮಗಳೂರಿನಲ್ಲಿ ಎರಡು ದಿನ ಓಡಾಡಿದೆವು. ಏನು ನೋಡಿದೆವು, ಎಲ್ಲಿ ಎಡವಿದೆವು ಅಂತ ಬರೆಯುತ್ತಿದ್ದೇನೆ. ಡಿಗ್ರಿ ಪರೀಕ್ಷೆ ಬರೆಯುವವರಿಗೂ ಇದೇ ಲೆಕ್ಕ.

ಮೊದಲು ಒಳಗೆ ಬಿಡುತ್ತಾರಾ ನೋಡಿ

ದುಡ್ಡು ಕೊಡುವ ಮೊದಲು ಹಾಲ್ ಟಿಕೆಟ್‌ನ ಹಿಂದಿನ ಸೂಚನೆ ಓದಿ. ನೀಟ್‌ಗೆ, ಜೆಇಇ ಮೇನ್‌ಗೆ, ನಮ್ಮ ಸಿಇಟಿಗೆ ಯಾವ ವಾಚೂ ಕಟ್ಟುವ ಹಾಗಿಲ್ಲ, ಸಾದಾ ಮುಳ್ಳಿನದ್ದೂ ಇಲ್ಲ. ಆ ಮಕ್ಕಳಿಗೆ ಈ ಲೇಖನ ಮನೆಯಲ್ಲಿ ಕೂತು ಅಭ್ಯಾಸ ಮಾಡುವುದಕ್ಕೆ ಮಾತ್ರ. ಯುಪಿಎಸ್‌ಸಿಯವರು ಸಾದಾ ಕೈಗಡಿಯಾರ ಬಿಡುತ್ತಾರೆ. ಸ್ಮಾರ್ಟ್ ವಾಚು, ಮಾತು ಅಥವಾ ಮೆಸೇಜು ಕಳಿಸಬಲ್ಲ ಏನಾದರೂ ಅಳವಡಿಸಿದ ವಾಚು ಬಿಡುವುದಿಲ್ಲ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿಯವರು ತಮ್ಮ ಪರೀಕ್ಷೆಯ ಸೂಚನೆ ಓದಿ, ಜೊತೆಗೆ ಸೆಂಟರ್‌ನಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.

ಇಲ್ಲಿ ಒಂದು ಮೋಸ ಇದೆ. ನೋಡಲು ಅಪ್ಪಟ ಮುಳ್ಳಿನ ವಾಚು, ಒಳಗೆ ಬ್ಲೂಟೂತ್, ಇಂಥವೂ ಬಂದಿವೆ. ಡಯಲ್ ಮೇಲೆ ಚಿಕ್ಕ ಡಿಜಿಟಲ್ ಕಿಂಡಿ ಇರುವವೂ ಇವೆ. ಅವುಗಳಲ್ಲಿ ಗಂಟೆಗೊಮ್ಮೆ ಪೀಂ ಅನ್ನುವ ಸೌಲಭ್ಯ ಬೇರೆ. ಅದನ್ನು ಆಫ್ ಮಾಡಿದ್ದೇನೆ ಅಂತ ನೀವು ಹೇಳಬಹುದು, ಬಾಗಿಲಲ್ಲಿ ತಪಾಸಣೆ ಮಾಡುವವರಿಗೆ ಅದನ್ನು ಕೇಳಿಸಿಕೊಳ್ಳುವ ಪುರುಸೊತ್ತು ಇರುವುದಿಲ್ಲ. ಬದಿಯಲ್ಲಿ ಒಂದೇ ಕೀ ಇರಬೇಕು, ಬೇರೆ ಬಟನ್ ಯಾವುದೂ ಇರಬಾರದು. ಒಂದು ನೋಟಕ್ಕೆ "ಇದು ಬರೀ ವಾಚು" ಅಂತ ಅನ್ನಿಸಬೇಕು.

ಸದ್ದು ಎಲ್ಲಿಂದ ಬರುತ್ತದೆ

ಸೆಲ್ ಹಾಕುವ ವಾಚಿನೊಳಗೆ ಒಂದು ಚೂರು ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದು ನಮಗೆ ಕೇಳುವುದಿಲ್ಲ. ಆ ಕಂಪನವನ್ನು ಎಣಿಸಿ ಎಣಿಸಿ, ಸೆಕೆಂಡಿಗೆ ಒಂದು ಸಲ ಒಂದು ಪುಟಾಣಿ ಮೋಟರಿಗೆ ಕರೆಂಟು ತಟ್ಟುತ್ತಾರೆ. ಮೋಟರು ಅರ್ಧ ಸುತ್ತು ಹೊರಳಿ ನಿಲ್ಲುತ್ತದೆ, ಹಲ್ಲಿನ ಚಕ್ರ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಸೆಕೆಂಡ್ ಮುಳ್ಳು ಟಕ್ ಅಂತ ಹಾರುತ್ತದೆ. ಆ ಹಾರಿ ನಿಲ್ಲುವುದೇ ಸದ್ದು.

ಸದ್ದು ಹುಟ್ಟುವುದು ಎಲ್ಲ ವಾಚಿನಲ್ಲೂ ಹೆಚ್ಚು ಕಡಿಮೆ ಒಂದೇ ಥರ. ಹೊರಗೆ ಎಷ್ಟು ಬರುತ್ತದೆ ಅನ್ನುವುದರಲ್ಲಿ ವ್ಯತ್ಯಾಸ. ದೊಡ್ಡ ಕೇಸಿನೊಳಗೆ ಚಿಕ್ಕ ಮಿಷನ್ ಕೂರಿಸಿ, ಸುತ್ತ ಪ್ಲಾಸ್ಟಿಕ್ ಬಳೆ ಹಾಕಿ ಬಿಟ್ಟಿದ್ದರೆ ಒಳಗೆಲ್ಲ ಖಾಲಿ ಜಾಗ, ಅದು ಡಬ್ಬಿಯ ಹಾಗೆ ಗುಂಯ್‌ಗುಟ್ಟುತ್ತದೆ. ಹಿಂದಿನ ಮುಚ್ಚಳ ತೆಳು ತಗಡಾಗಿದ್ದರೆ ಇನ್ನೂ ಜಾಸ್ತಿ. ದುಬಾರಿ ಅಂದ ತಕ್ಷಣ ಮೌನ ಅಂತಲೂ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗೆ ಬೇರೆ ಬೇರೆ ಮಿಷನ್ ಹಾಕಿರುತ್ತಾರೆ, ಅದಕ್ಕೇ ನಾನಿಲ್ಲಿ ಯಾವ ಬ್ರಾಂಡಿನ ಹೆಸರನ್ನೂ ತೆಗೆದುಕೊಳ್ಳುವುದಿಲ್ಲ.

ಆದರೆ ನಿಜವಾದ ತಂಟೆ ವಾಚಿನಲ್ಲಿ ಅಲ್ಲ, ಬೆಂಚಿನಲ್ಲಿದೆ. ಪರೀಕ್ಷೆಗೆ ಕೂತವರು ಮಾಡುವ ಮೊದಲ ಕೆಲಸ ಏನು? ವಾಚು ಬಿಚ್ಚಿ ಎದುರಿಗೆ ಇಟ್ಟುಕೊಳ್ಳುವುದು. ಕೈಯಲ್ಲಿದ್ದಾಗ ಚರ್ಮ, ಮಾಂಸ ಆ ಸದ್ದನ್ನು ನುಂಗಿಬಿಡುತ್ತವೆ. ಹಲಗೆಯ ಮೇಲೆ ಇಟ್ಟ ತಕ್ಷಣ ಆ ಪುಟ್ಟ ತಟ್ಟು ಮುಚ್ಚಳದಿಂದ ಮರಕ್ಕೆ ಇಳಿಯುತ್ತದೆ, ಕೆಳಗೆ ಪುಸ್ತಕ ಇಡುವ ಪೊಳ್ಳು ಖಾನೆ ಇರುತ್ತದಲ್ಲ, ಅದು ತಂಬೂರಿಯ ಬುರುಡೆಯ ಕೆಲಸ ಮಾಡುತ್ತದೆ. ಮುಂದಿನ ಸಾಲಿನವನೂ ತಿರುಗಿ ನೋಡುವಷ್ಟು ಕೇಳುತ್ತದೆ. ಅಕ್ಕನ ಮಗನಿಗೆ ಇದು ಒಂದು ಮಾಕ್ ಟೆಸ್ಟ್‌ನಲ್ಲಿ ಆಗಿತ್ತಂತೆ. ಪಕ್ಕದವಳ ವಾಚು ಮೂರು ಗಂಟೆ ಅವನ ತಲೆಯೊಳಗೇ ಬಡಿದುಕೊಂಡಿತ್ತು. ಅವಳಿಗೆ ಗೊತ್ತೇ ಇರಲಿಲ್ಲ.

ಅಂಗಡಿಯಲ್ಲಿ

ಎಂ.ಜಿ. ರಸ್ತೆಯ ಅಂಗಡಿಗೆ ಹೋದರೆ ಗಾಜಿನ ಕಪಾಟಿನಲ್ಲಿ ಇನ್ನೂರು ವಾಚು. ಅರ್ಧ ಓಡುತ್ತಿರುವುದಿಲ್ಲ, ಸೆಲ್ ಉಳಿಯಲಿ ಅಂತ ಕೀಯನ್ನು ಹೊರಗೆ ಎಳೆದು ಪ್ಲಾಸ್ಟಿಕ್ ಚೂರು ಸಿಕ್ಕಿಸಿರುತ್ತಾರೆ. ಹೊರಗೆ ಬೈಕು, ಬಸ್ಸು, ಮಳೆ. ಇಲ್ಲಿ ಸದ್ದು ಪರೀಕ್ಷೆ ಮಾಡುವುದು ಆಗದ ಮಾತು. ಹಾಗಾಗಿ ಅಂಗಡಿಯಲ್ಲಿ ಕಣ್ಣಿನ ಕೆಲಸ ಮಾತ್ರ ಮುಗಿಸಿ. ಕಿವಿಯ ಕೆಲಸ ರಾತ್ರಿ ಮನೆಯಲ್ಲಿ.

ಕಣ್ಣಿಗೆ ಬೇಕಾದದ್ದು ಮುಖ್ಯವಾಗಿ ಒಂದೇ. ಡಯಲ್ ಅಂಚಿನಲ್ಲಿ ಅರವತ್ತು ನಿಮಿಷದ ಗೆರೆಗಳೂ ಇರಬೇಕು, ನಿಮಿಷದ ಮುಳ್ಳಿನ ತುದಿ ಆ ಗೆರೆಗಳನ್ನು ಮುಟ್ಟಬೇಕು. ಸುಮ್ನೆ ಹೇಳುತ್ತಿಲ್ಲ, ಅಂಗಡಿಯವರು ತೋರಿಸಿದ ಮೊದಲ ಹತ್ತರಲ್ಲಿ ಏಳಕ್ಕೆ ಈ ಗೆರೆಗಳೇ ಇರಲಿಲ್ಲ. ನಾಲ್ಕು ಕಡ್ಡಿ, ಮಧ್ಯೆ ಕಂಪನಿಯ ಗುರುತು, ನೋಡಲು ಚಂದ. "ಸರ್, ಇದು ಈಗ ತುಂಬ ಓಡ್ತಾ ಇರೋ ಮಾಡೆಲ್ಲು" ಅಂದರು. ಅಂಥದ್ದರಲ್ಲಿ ಹನ್ನೊಂದು ಗಂಟೆ ಏಳು ನಿಮಿಷವೋ ಒಂಬತ್ತು ನಿಮಿಷವೋ ಅಂತ ಹೇಳಿ ನೋಡೋಣ. ಮದುವೆ ಮನೆಯಲ್ಲಿ ಎರಡು ನಿಮಿಷ ಲೆಕ್ಕಕ್ಕಿಲ್ಲ. ಇಲ್ಲಿ ಒಂದು ಪ್ರಶ್ನೆಗೆ ಸಿಗುವುದೇ ಏಳು ನಿಮಿಷ.

ಬಿಳಿ ಡಯಲ್, ಕಪ್ಪು ಮುಳ್ಳು ಒಳ್ಳೆಯದು. ಬೆಳ್ಳಿ ಬಣ್ಣದ ಡಯಲ್ ಮೇಲೆ ಬೆಳ್ಳಿ ಬಣ್ಣದ ಮುಳ್ಳು ಬಂದರೆ ಟ್ಯೂಬ್‌ಲೈಟ್ ಕೆಳಗೆ ಮುಳ್ಳೇ ಮಾಯ. ಇದನ್ನು ನೋಡಲು ವಾಚನ್ನು ಕೈಯಲ್ಲಿ ಹಿಡಿಯಬೇಡಿ. ಕೌಂಟರ್ ಮೇಲೆ ಮಲಗಿಸಿ, ಪರೀಕ್ಷೆ ಬರೆಯುವ ಭಂಗಿಯಲ್ಲಿ ಬಗ್ಗಿ, ಓರೆಯಾಗಿ ನೋಡಿ. ಉಬ್ಬು ಗಾಜಿನಲ್ಲಿ ಬೆಳಕು ಹೊಳೆದು ಅರ್ಧ ಡಯಲ್ ಕಾಣಿಸದೇ ಹೋಗುತ್ತದೆ, ಚಪ್ಪಟೆ ಗಾಜಿನಲ್ಲಿ ಆ ಕಾಟ ಕಡಿಮೆ. ತಾರೀಕಿನ ಕಿಂಡಿ ಇದ್ದರೆ ಇರಲಿ. ಡಯಲ್ ಒಳಗೆ ಮೂರು ಚಿಕ್ಕ ಡಯಲ್ ಇರುವುದು ಬೇಡವೇ ಬೇಡ. ಗಾತ್ರ 34ರಿಂದ 38 ಮಿಲಿಮೀಟರ್ ಸಾಕು, ಅದಕ್ಕಿಂತ ದೊಡ್ಡದಾದರೆ ಬರೆಯುವಾಗ ಮಣಿಕಟ್ಟು ಮಡಚಿದಲ್ಲೆಲ್ಲ ಕೀ ಚುಚ್ಚುತ್ತದೆ.

ಬೆಲ್ಟ್ ಬಗ್ಗೆ ಎರಡು ಮಾತು. ಸ್ಟೀಲ್ ಚೈನ್ ಬೇಡ. ಹಲಗೆಗೆ ಉಜ್ಜಿ ಕಿರ್ ಅನ್ನುತ್ತದೆ, ಬಿಚ್ಚಿಟ್ಟರೆ ಲೋಹ ನೇರ ಮರಕ್ಕೆ ತಾಗಿ ಸದ್ದು ದುಪ್ಪಟ್ಟು. ಚರ್ಮದ್ದೋ ಬಟ್ಟೆಯದ್ದೋ ಬೆಲ್ಟ್ ತಗೊಳ್ಳಿ. ಹಿಂದಿನ ಮುಚ್ಚಳದ ಕೆಳಗೂ ಹಾದು ಹೋಗುವ ನೈಲಾನ್ ಪಟ್ಟಿ ಬರುತ್ತದೆ, ಅದಾದರೆ ಇನ್ನೂ ಉತ್ತಮ, ವಾಚು ಮತ್ತು ಮರದ ನಡುವೆ ಬಟ್ಟೆ ತಾನಾಗಿಯೇ ಕೂರುತ್ತದೆ. ಬೆಲೆ ಎಂಟುನೂರರಿಂದ ಎರಡು ಸಾವಿರದೊಳಗೆ ಮುಗಿಯುತ್ತದೆ.

ಅಂಗಡಿಯವರ ಹತ್ತಿರ ಒಂದು ಮಾತು ಮೊದಲೇ ಆಡಿಕೊಳ್ಳಿ: ರಾತ್ರಿ ಸದ್ದು ಕೇಳಿ ನೋಡುತ್ತೇನೆ, ಜಾಸ್ತಿ ಅನ್ನಿಸಿದರೆ ನಾಳೆ ಬದಲಾಯಿಸಿ ಕೊಡಬೇಕು, ಗಾಜಿನ ಮೇಲಿನ ಹಾಳೆ ಕೀಳುವುದಿಲ್ಲ. ನಾವು ಕೇಳಿದಾಗ ಅವರು ಒಮ್ಮೆ ನಕ್ಕರು. ಆಮೇಲೆ ಒಂದಲ್ಲ, ಎರಡು ವಾಚು ಕೊಟ್ಟು ಕಳಿಸಿದರು.

ರಾತ್ರಿ, ಸ್ಟೀಲ್ ಡಬ್ಬಿ

ಮನೆಗೆ ತಂದದ್ದು ಎರಡು. ಒಂದು, ಸೆಕೆಂಡ್ ಮುಳ್ಳೇ ಇಲ್ಲದ ತೆಳ್ಳನೆಯ ಎರಡು ಮುಳ್ಳಿನ ವಾಚು. ಇನ್ನೊಂದು, ಬಿಳಿ ಡಯಲ್, ಒಂದರಿಂದ ಹನ್ನೆರಡರವರೆಗೆ ಪೂರ್ತಿ ಅಂಕಿ, ಮೂರು ಮುಳ್ಳು, ಕಂದು ಬೆಲ್ಟ್. ಜುಲೈ ತಿಂಗಳು, ಹೆಂಚಿನ ಮೇಲೆ ಮಳೆ ಧೋ ಅಂತ ಸುರಿಯುತ್ತಿತ್ತು. ಕಿವಿಯೊಳಗೆ ಇಟ್ಟುಕೊಂಡರೂ ಏನೂ ಕೇಳಲಿಲ್ಲ. ಮಳೆ ನಿಂತಾಗ ರಾತ್ರಿ ಒಂದೂವರೆ. ಫ್ಯಾನ್ ಇಲ್ಲ, ಫ್ರಿಜ್ ಸ್ವಿಚ್ ಆಫ್ ಮಾಡಿದೆ, ಅಕ್ಕನಿಗೆ ಎಚ್ಚರವಾಗಿ "ಏನ್ರೋ ಮಾಡ್ತಿದೀರ ಈ ಹೊತ್ನಲ್ಲಿ?" ಅಂದಳು.

ಪರೀಕ್ಷೆ ಮೂರು ಹಂತ. ಮೊದಲು ವಾಚನ್ನು ಎಡಗೈಗೆ ಕಟ್ಟಿ, ಬರೆಯುವ ಭಂಗಿಯಲ್ಲಿ ಕೂರಿ. ತಲೆಗೂ ಕೈಗೂ ಒಂದು ಅಡಿ ಚಿಲ್ಲರೆ ದೂರ ಇರುತ್ತದೆ. ಅಲ್ಲಿಂದ ಕೇಳಿಸಿದರೆ ಆ ವಾಚನ್ನು ಅಲ್ಲಿಗೇ ಬಿಡಿ, ಮುಂದಿನ ಹಂತ ಬೇಡ. ಎರಡನೆಯದು, ಅದನ್ನು ಬಿಚ್ಚಿ ಓದುವ ಟೇಬಲ್ ಮೇಲೆ, ಡ್ರಾಯರ್ ಇರುವ ಕಡೆ ಇಡಿ. ಮೂರನೆಯದು ಕಠಿಣ ಪರೀಕ್ಷೆ: ಖಾಲಿ ಸ್ಟೀಲ್ ಡಬ್ಬಿ ಬೋರಲು ಹಾಕಿ ಅದರ ತಳದ ಮೇಲೆ ವಾಚು ಇಡಿ. ಡಬ್ಬಿಯ ಮೇಲೆ ಹೆಚ್ಚು ಕಡಿಮೆ ಎಲ್ಲ ವಾಚೂ ಕೇಳುತ್ತದೆ, ಗಾಬರಿಯಾಗಬೇಡಿ. ಅದು ಎರಡು ವಾಚುಗಳನ್ನು ಹೋಲಿಸಿ ನೋಡುವುದಕ್ಕೆ ಮಾತ್ರ. ಯಾವುದು ಮೊದಲು ಕೇಳುವುದು ನಿಲ್ಲುತ್ತದೆ ಅಂತ ಒಂದೊಂದೇ ಹೆಜ್ಜೆ ಹಿಂದೆ ಹೋಗಿ ನೋಡಿ.

ಎರಡು ಮುಳ್ಳಿನದ್ದು ಡಬ್ಬಿಯ ಮೇಲೂ ಸುಮ್ಮನಿತ್ತು. ಸತ್ತೇ ಹೋಗಿದೆಯಾ ಅಂತ ಅನುಮಾನ ಬಂತು. ಆಮೇಲೆ ಚಿಟ್ ಅಂತ ಒಂದು ಸದ್ದು, ಮತ್ತೆ ಮೌನ. ಸೆಕೆಂಡ್ ಮುಳ್ಳು ಇಲ್ಲದ ಇಂಥ ಮಿಷನ್‌ಗಳು ಪ್ರತಿ ಸೆಕೆಂಡ್ ಹೆಜ್ಜೆ ಹಾಕಬೇಕಿಲ್ಲ, ಹತ್ತು ಅಥವಾ ಇಪ್ಪತ್ತು ಸೆಕೆಂಡಿಗೊಮ್ಮೆ ನಿಮಿಷದ ಮುಳ್ಳನ್ನು ಚೂರು ತಳ್ಳಿದರೆ ಆಯಿತು. ಬರೀ ಮೌನವೇ ಬೇಕು ಅಂದರೆ ಇದನ್ನು ಮೀರಿಸುವುದು ಕಷ್ಟ.

ಮೂರು ಮುಳ್ಳಿನದ್ದು ಕೈಯಲ್ಲಿ ಕೇಳಲಿಲ್ಲ. ಟೇಬಲ್ ಮೇಲೆ ಸಣ್ಣಗೆ ಚಿಟ್ ಚಿಟ್. ಡಬ್ಬಿಯ ಮೇಲೆ ನಾಲ್ಕು ಹೆಜ್ಜೆ ದೂರಕ್ಕೂ ಕೇಳಿತು. ಅದೇ ಟೇಬಲ್ ಮೇಲೆ ಕರ್ಚೀಫು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಇಟ್ಟರೆ ಪೂರ್ತಿ ಮೌನ.

ನಾವು ಇಟ್ಟುಕೊಂಡದ್ದು ಮೂರು ಮುಳ್ಳಿನದ್ದನ್ನು. ಆಶ್ಚರ್ಯ ಅಲ್ವಾ? ಕಾರಣ ಎರಡು. ಎರಡು ಮುಳ್ಳಿನ ಆ ವಾಚಿಗೆ ನಿಮಿಷದ ಗೆರೆ ಇರಲಿಲ್ಲ, ಐದೈದು ನಿಮಿಷಕ್ಕೆ ಒಂದು ಕಡ್ಡಿ ಅಷ್ಟೇ. ಎರಡನೆಯದು, ಅದು ಓಡುತ್ತಿದೆಯಾ ನಿಂತಿದೆಯಾ ಅಂತ ಒಂದು ನೋಟಕ್ಕೆ ಗೊತ್ತಾಗುವುದಿಲ್ಲ. ಸೆಕೆಂಡ್ ಮುಳ್ಳಿನಿಂದ ಪರೀಕ್ಷೆಯಲ್ಲಿ ಟೈಮ್ ಅಳೆಯುವುದೇನೂ ಇಲ್ಲ, ವಾಚಿಗೆ ಜೀವ ಇದೆ ಅಂತ ತಿಳಿಯುತ್ತದೆ, ಅಷ್ಟೇ. ನನ್ನ ಮಟ್ಟಿಗೆ ಅದು ದೊಡ್ಡ ವಿಷಯ. ಅರವತ್ತು ಗೆರೆ ಇರುವ ಎರಡು ಮುಳ್ಳಿನ ವಾಚು ನಿಮಗೆ ಸಿಕ್ಕಿ, ಸೆಲ್ ಹೊಸದು ಹಾಕಿಸಿದ್ದರೆ, ಸದ್ದು ತುಂಬ ಕಾಡುವ ಮಕ್ಕಳಿಗೆ ಅದನ್ನೇ ಕೊಡಿಸಿ.

ಇಲ್ಲಿ ತಾತನ ಎಚ್‌ಎಂಟಿ ವಿಷಯ ಹೇಳದಿದ್ದರೆ ಅಕ್ಕ ಬಿಡುವುದಿಲ್ಲ. "ಅಷ್ಟೆಲ್ಲ ಯಾಕೆ, ಅಪ್ಪನ ವಾಚಿದೆಯಲ್ಲ" ಅಂತ ಬೀರುವಿನಿಂದ ತೆಗೆದಳು. ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ 1961ರಲ್ಲಿ ಶುರುವಾದ ಕಾರ್ಖಾನೆಯ ಮಾಲು, ದಿನಾ ಕೀ ಕೊಡಬೇಕು. ಡಯಲ್ ಮಾತ್ರ ಎಷ್ಟು ಚೆನ್ನಾಗಿದೆ ಅಂದರೆ, ಪರೀಕ್ಷೆಗೆ ಅಂತಲೇ ಮಾಡಿದ ಹಾಗಿದೆ. ಆದರೆ ಕೀ ವಾಚು ಒಂದು ಸೆಕೆಂಡಿನಲ್ಲೇ ಹಲವು ಸಲ ಟಿಕ್ಕೆನ್ನುತ್ತದೆ, ನಿಲ್ಲುವುದೇ ಇಲ್ಲ. ವರ್ಷಗಟ್ಟಲೆ ಎಣ್ಣೆ ಕಾಣದೆ ಬೀರುವಿನಲ್ಲಿ ಕೂತದ್ದು ದಿನಕ್ಕೆ ಎಷ್ಟು ಹಿಂದೆ ಬೀಳುತ್ತದೋ ಹೇಳಲಾಗದು. ಡಬ್ಬಿಯ ಮೇಲಿಟ್ಟೆ. ಅಕ್ಕನೇ ನಕ್ಕು ವಾಪಸ್ ಎತ್ತಿಟ್ಟಳು.

ಸೆಲ್ಲು, ಒಂದು ತಿಂಗಳ ಮೊದಲು

ಹೊಸ ವಾಚಿನೊಳಗಿನ ಸೆಲ್ ಹೊಸದಲ್ಲ. ಕಾರ್ಖಾನೆಯಲ್ಲಿ ಪರೀಕ್ಷೆಗೆ ಅಂತ ಹಾಕಿದ್ದು, ಅಂಗಡಿಯಲ್ಲಿ ಎಷ್ಟು ತಿಂಗಳು ಕೂತಿತ್ತೋ ಯಾರಿಗೆ ಗೊತ್ತು. ಪರೀಕ್ಷೆಗೆ ಒಂದು ತಿಂಗಳಿರುವಾಗ ಬದಲಾಯಿಸಿ. ಹಿಂದಿನ ದಿನ ಬೇಡ. ಮುಚ್ಚಳ ತೆಗೆದು ಹಾಕಿದ ಮೇಲೆ ಏನಾದರೂ ಎಡವಟ್ಟಾದರೆ ಅದು ಗೊತ್ತಾಗಲು ಎರಡು ವಾರ ಬೇಕು.

ಸೆಲ್ ಮೇಲೆ ಕೆತ್ತಿರುವ ಅಕ್ಷರ ನೋಡಿ. ತುಂಬ ವಾಚುಗಳಿಗೆ ಬರುವ ಸೆಲ್ಲಿನ ಮೇಲೆ ಎಸ್‌ಆರ್ 626 ಎಸ್‌ಡಬ್ಲ್ಯೂ ಅಂತಿರುತ್ತದೆ, ಅಂಗಡಿಯಲ್ಲಿ 377 ಅಂತಲೂ ಹೇಳುತ್ತಾರೆ. ಎಸ್‌ಆರ್ ಅಂದರೆ ಸಿಲ್ವರ್ ಆಕ್ಸೈಡ್, 1.55 ವೋಲ್ಟ್, ಕೊನೆಯವರೆಗೂ ಹೆಚ್ಚು ಕಡಿಮೆ ಅಷ್ಟೇ ಶಕ್ತಿ ಕೊಟ್ಟು ಆಮೇಲೆ ಒಮ್ಮೆಲೇ ಮಲಗುತ್ತದೆ. ಅದೇ ಅಳತೆಯಲ್ಲಿ ಎಲ್‌ಆರ್ ಅಂತ ಶುರುವಾಗುವುದು ಅಲ್ಕಲೈನ್. ಅಗ್ಗ, ಸರಿಯಾಗಿ ಕೂರುತ್ತದೆ, ಓಡುತ್ತದೆ ಕೂಡ, ಆದರೆ ಶಕ್ತಿ ದಿನ ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಕೇಳದಿದ್ದರೆ ಕೈಗೆ ಸಿಕ್ಕಿದ್ದನ್ನು ಹಾಕಿಬಿಡುವ ಕಡೆಗಳೂ ಇವೆ. "ಸಿಲ್ವರ್ ಆಕ್ಸೈಡ್ ಹಾಕಿ" ಅಂತ ಬಾಯಿಬಿಟ್ಟು ಹೇಳಿ.

ಸೆಲ್ ಮುಗಿಯುತ್ತಾ ಬಂದಾಗ ಕೆಲವು ವಾಚುಗಳು ಮುಂಚೆಯೇ ಹೇಳುತ್ತವೆ. ಸೆಕೆಂಡ್ ಮುಳ್ಳು ಒಂದೊಂದು ಹೆಜ್ಜೆ ಬಿಟ್ಟು ಎರಡೆರಡು ಸೆಕೆಂಡು, ಕೆಲವದರಲ್ಲಿ ಇನ್ನೂ ಜಾಸ್ತಿ, ಒಟ್ಟಿಗೆ ಹಾರುತ್ತದೆ. ವಾಚು ಕೆಟ್ಟಿತು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ, ಟೈಮು ಸರಿಯಾಗಿಯೇ ತೋರಿಸುತ್ತಿರುತ್ತದೆ, ಸೆಲ್ ಕೇಳುತ್ತಿದೆ ಅಷ್ಟೇ. ಎಲ್ಲ ವಾಚಿಗೂ ಈ ಸೌಲಭ್ಯ ಇಲ್ಲ, ಇದನ್ನೇ ನಂಬಿ ಕೂರಬೇಡಿ.

ನಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದು ಕಾಟ. ಒದ್ದೆ ಗಾಳಿಯಲ್ಲಿ ಮುಚ್ಚಳ ತೆಗೆದರೆ ಆ ಗಾಳಿಯೂ ಒಳಗೆ ಸೇರುತ್ತದೆ, ರಬ್ಬರ್ ರಿಂಗ್ ಸರಿಯಾಗಿ ಕೂರದಿದ್ದರೆ ಆಮೇಲೂ ಸೇರುತ್ತಲೇ ಇರುತ್ತದೆ. ಒಂದು ದಿನ ನೋಡಿದರೆ ಗಾಜಿನ ಒಳಗೆ ಮಂಜು. ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ವಾಚನ್ನು ಸ್ವಲ್ಪ ಹೊತ್ತು ಟೇಬಲ್ ಲ್ಯಾಂಪಿನ ಕೆಳಗೆ ಬೆಚ್ಚಗೆ ಮಾಡಿ, ಸುಡುವಷ್ಟು ಬೇಡ. ಗಾಜಿನ ಮೇಲೆ ಒಂದು ಹನಿ ತಣ್ಣೀರು ಇಟ್ಟು, ಒಂದು ನಿಮಿಷ ಬಿಟ್ಟು ಒರೆಸಿ. ಹನಿ ಇದ್ದ ಜಾಗದಲ್ಲಿ ಒಳಗಡೆ ಮಬ್ಬು ಕಂಡರೆ ತೇವ ಇದೆ ಅಂತ ಅರ್ಥ. ತೆಗೆಸಿ, ಒಣಗಿಸಿ, ರಿಂಗ್ ಬದಲಾಯಿಸಿ ಹಾಕಿಸಿ.

ಒಂಬತ್ತು ನಿಮಿಷ ಹೋದದ್ದೆಲ್ಲಿಗೆ

ಸೆಲ್ ಹಾಕಿಸಿದ ಮೇಲೆ ಒಂದು ವಾರ ದಿನಾ ಬೆಳಿಗ್ಗೆ ಮೊಬೈಲ್ ಟೈಮಿನ ಜೊತೆ ಹೋಲಿಸಿ ಬರೆದಿಡಿ. ಸಾದಾ ಸೆಲ್ ವಾಚು ತಿಂಗಳಿಗೆ ಇಪ್ಪತ್ತು ಸೆಕೆಂಡ್ ಆಚೀಚೆ ಆಗಬಹುದು, ಅಂದರೆ ವಾರಕ್ಕೆ ಐದು ಸೆಕೆಂಡ್. ಅದಕ್ಕಿಂತ ಜಾಸ್ತಿ ಆದರೆ ಏನೋ ಇದೆ.

ನಮ್ಮದು ಎರಡನೇ ದಿನಕ್ಕೇ ಒಂಬತ್ತು ನಿಮಿಷ ಹಿಂದೆ. ಸರಿಮಾಡಿದೆವು, ಮರುದಿನ ಮತ್ತೆ ಏಳು ನಿಮಿಷ. ರಿಪೇರಿ ಮಾಡುವವರಿಗೆ ತೋರಿಸಿದರೆ ಸೆಲ್ ಅಳೆದು ಸರಿಯಾಗಿದೆ ಅಂದರು, ಮಿಷನ್ನೂ ಸರಿಯಾಗಿದೆ. ಅವರ ಕಪಾಟಿನಲ್ಲಿ ಒಂದು ರಾತ್ರಿ ಇಟ್ಟರೆ ಒಂದು ಸೆಕೆಂಡೂ ತಪ್ಪಲಿಲ್ಲ. ಮನೆಗೆ ಬಂದರೆ ಮತ್ತೆ ಅದೇ ಕಥೆ.

ಕೊನೆಗೆ ಸಿಕ್ಕಿದ್ದು ಹೀಗೆ. ಅವನು ಸ್ನಾನಕ್ಕೆ ಹೋಗುವಾಗ ವಾಚು ಬಿಚ್ಚಿ ಮೊಬೈಲ್ ಮೇಲೆ ಇಡುತ್ತಿದ್ದ. ಮೊಬೈಲಿಗೆ ಪುಸ್ತಕದ ಹಾಗೆ ಮುಚ್ಚುವ ಕವರ್, ಅದರ ಅಂಚಿನಲ್ಲಿ ಆಯಸ್ಕಾಂತ. ಅವನ ಎದುರೇ ವಾಚನ್ನು ಆ ಅಂಚಿನ ಮೇಲೆ ಇಟ್ಟೆ. ಸೆಕೆಂಡ್ ಮುಳ್ಳು ಇದ್ದಲ್ಲೇ ನಿಂತಿತು. ಎತ್ತಿದೆ, ಏನೂ ಆಗದ ಹಾಗೆ ಮತ್ತೆ ಹೊರಟಿತು. ಒಳಗಿನ ಮೋಟರೇ ಒಂದು ಪುಟ್ಟ ಆಯಸ್ಕಾಂತ, ಹೊರಗಿನ ದೊಡ್ಡದು ಅದನ್ನು ಹಿಡಿದು ನಿಲ್ಲಿಸುತ್ತದೆ. ವಾಚಿಗೆ ಹಾನಿ ಏನಿಲ್ಲ, ಆದರೆ ನಿಂತಷ್ಟು ಹೊತ್ತು ಹೋಯಿತು. ಒಂದು ದಿನ ಒಂಬತ್ತು ನಿಮಿಷದ ಸ್ನಾನ, ಮರುದಿನ ಏಳು ನಿಮಿಷದ್ದು. ಅಕ್ಕನಿಗೆ ಇದು ಬೇರೆ ಕಾರಣಕ್ಕೆ ಇಷ್ಟವಾಯಿತು, ಇಷ್ಟು ಬೇಗ ಸ್ನಾನ ಮುಗಿಸುತ್ತಾನಾ ಅಂತ ಬೈದಳು.

ಶಾಲೆ ಮಕ್ಕಳ ಆಯಸ್ಕಾಂತದ ಮುಚ್ಚಳದ ಪೆನ್ಸಿಲ್ ಬಾಕ್ಸ್ ಕೂಡ ಇದೇ ಕೆಲಸ ಮಾಡುತ್ತದೆ. ಬ್ಲೂಟೂತ್ ಸ್ಪೀಕರು, ಬಟನ್ ಬದಲು ಆಯಸ್ಕಾಂತ ಇರುವ ಪರ್ಸು, ಇವುಗಳಿಂದಲೂ ವಾಚನ್ನು ಒಂದು ಗೇಣು ದೂರ ಇಡಿ.

ಟೈಮ್ ಕೂರಿಸುವುದು, ಮುಳ್ಳು ಓದುವುದು

ಟೈಮ್ ಕೂರಿಸುವುದಕ್ಕೂ ಒಂದು ಕ್ರಮ ಇದೆ. ಸೆಕೆಂಡ್ ಮುಳ್ಳು ಹನ್ನೆರಡರ ಮೇಲೆ ಬಂದ ಕ್ಷಣಕ್ಕೆ ಕೀ ಎಳೆಯಿರಿ, ಮುಳ್ಳು ಅಲ್ಲೇ ನಿಲ್ಲುತ್ತದೆ. ನಿಮಿಷದ ಮುಳ್ಳನ್ನು ಬೇಕಾದ ಜಾಗಕ್ಕಿಂತ ನಾಲ್ಕೈದು ನಿಮಿಷ ಮುಂದೆ ಒಯ್ದು, ಆಮೇಲೆ ಹಿಂದಕ್ಕೆ ತಂದು ಸರಿಯಾಗಿ ಗೆರೆಯ ಮೇಲೆ ನಿಲ್ಲಿಸಿ. ಚಕ್ರಗಳ ಹಲ್ಲಿನ ನಡುವೆ ಇರುವ ಸಡಿಲ ಇದರಿಂದ ಹೋಗುತ್ತದೆ, ವಾಚುಗಳ ಜೊತೆ ಬರುವ ಪುಸ್ತಿಕೆಗಳಲ್ಲೂ ಹೀಗೇ ಬರೆದಿರುತ್ತದೆ. ಮೊಬೈಲಿನಲ್ಲಿ ಆ ನಿಮಿಷ ಬದಲಾದ ತಕ್ಷಣ ಕೀ ಒತ್ತಿ. ಹೀಗೆ ಮಾಡದೆ ಸುಮ್ನೆ ಕೀ ತಿರುಗಿಸಿದರೆ ಸೆಕೆಂಡ್ ಮುಳ್ಳು ಹನ್ನೆರಡಕ್ಕೆ ಬಂದಾಗ ನಿಮಿಷದ ಮುಳ್ಳು ಎರಡು ಗೆರೆಗಳ ಮಧ್ಯೆ ನಿಂತಿರುತ್ತದೆ, ಪ್ರತಿ ಸಲವೂ ಇದು ಯಾವ ನಿಮಿಷ ಅಂತ ಯೋಚಿಸಬೇಕು.

ಕೆಲವರು ಪರೀಕ್ಷೆ ಶುರುವಾಗುವಾಗ ವಾಚನ್ನು ಹನ್ನೆರಡು ಗಂಟೆಗೆ ತಿರುಗಿಸಿಕೊಳ್ಳುತ್ತಾರೆ, ಮೂರಾದರೆ ಮುಗಿಯಿತು ಅಂತ. ಲೆಕ್ಕ ಸುಲಭ, ನಿಜ. ನನಗೆ ಇಷ್ಟವಿಲ್ಲ. ಮೇಲ್ವಿಚಾರಕರು "ಹನ್ನೊಂದೂವರೆ ಆಯಿತು" ಅಂದಾಗ ನಿಮ್ಮ ವಾಚು ಬೇರೆ ಏನೋ ಹೇಳುತ್ತಿರುತ್ತದೆ, ಆ ಒಂದು ಕ್ಷಣ ಎದೆ ಧಸಕ್ ಅನ್ನುತ್ತದೆ. ಅದರ ಬದಲು ಮುಳ್ಳಿನ ಜಾಗವನ್ನೇ ಗುರುತಿಟ್ಟುಕೊಳ್ಳಿ.

ಮೇನ್ಸ್‌ನ ಜನರಲ್ ಸ್ಟಡೀಸ್ ಪತ್ರಿಕೆ ತಗೊಳ್ಳಿ. ಮೂರು ಗಂಟೆ, 250 ಅಂಕ, ಇಪ್ಪತ್ತು ಪ್ರಶ್ನೆ. ಮೊದಲ ಹತ್ತಕ್ಕೆ ಹತ್ತತ್ತು ಅಂಕ, ಉಳಿದ ಹತ್ತಕ್ಕೆ ಹದಿನೈದು. ಚಿಕ್ಕದಕ್ಕೆ ಏಳು ನಿಮಿಷ, ದೊಡ್ಡದಕ್ಕೆ ಹನ್ನೊಂದು ಅಂತ ಹಾಕಿದರೆ ಎಪ್ಪತ್ತು, ನೂರಹತ್ತು, ಒಟ್ಟು ಸರಿಯಾಗಿ ನೂರಎಂಬತ್ತು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಚಿಕ್ಕ ಪ್ರಶ್ನೆಗಳು ಮುಗಿದಿರಬೇಕು, ಆಗ ದೊಡ್ಡ ಮುಳ್ಳು 2ರ ಮೇಲೆ. ದೊಡ್ಡ ಪ್ರಶ್ನೆಗಳಲ್ಲಿ ಐದು ಮುಗಿದಾಗ ಹನ್ನೊಂದು ಗಂಟೆ ಐದು ನಿಮಿಷ, ಮುಳ್ಳು 1ರ ಮೇಲೆ. ಎರಡೇ ಗುರುತು. ಮಧ್ಯಾಹ್ನದ ಪತ್ರಿಕೆ ಎರಡೂವರೆಗೆ ಶುರುವಾದರೆ ಅದೇ ಗುರುತುಗಳು 8 ಮತ್ತು 7ಕ್ಕೆ ಹೋಗುತ್ತವೆ. ಮಧ್ಯೆ ಮಧ್ಯೆ ನೋಡುವ ಅಗತ್ಯ ಅಷ್ಟಾಗಿ ಬರುವುದಿಲ್ಲ. ಮುಳ್ಳಿನ ವಾಚಿನ ಲಾಭ ಇದೇ, ಅಂಕಿ ಓದಿ ಕಳೆಯುವ ಲೆಕ್ಕ ಬೇಡ, ಮುಳ್ಳು ಆ ಗುರುತಿಗೆ ಇನ್ನೂ ಎಷ್ಟು ದೂರ ಇದೆ ಅಂತ ಕಣ್ಣಿಗೇ ಕಾಣುತ್ತದೆ. ಈ ಲೆಕ್ಕದಲ್ಲಿ ಉಸಿರಾಡಲು ಒಂದು ನಿಮಿಷವೂ ಉಳಿದಿಲ್ಲ, ಅದಕ್ಕೇ ಅವನು ಮೊದಲ ಗುರುತಿಗೆ ಐದು ನಿಮಿಷ ಮುಂಚೆ ಬರಲು ನೋಡುತ್ತಿದ್ದ. ಮನೆಯಲ್ಲಿ ಬರೆದ ಮೊದಲ ಪತ್ರಿಕೆಯಲ್ಲಿ 2ರ ಗುರುತಿಗೆ ಎಂಟನೇ ಪ್ರಶ್ನೆಯಲ್ಲೇ ಇದ್ದ. ನಾಲ್ಕನೇ ಸಲಕ್ಕೆ ಸರಿಯಾಯಿತು.

ಆದ್ದರಿಂದ ಹೊಸ ವಾಚನ್ನು ಪರೀಕ್ಷೆಯ ದಿನವೇ ಮೊದಲ ಸಲ ಕಟ್ಟಬೇಡಿ. ಕನಿಷ್ಠ ಮೂರ್ನಾಲ್ಕು ಅಭ್ಯಾಸ ಪತ್ರಿಕೆ ಅದರ ಜೊತೆಗೇ ಬರೆಯಲಿ. ಹೊಸ ಚರ್ಮದ ಬೆಲ್ಟ್ ಗಟ್ಟಿ ಇರುತ್ತದೆ, ಬರೆಯುತ್ತಾ ಬರೆಯುತ್ತಾ ಎರಡನೇ ಗಂಟೆಗೆ ಬೆವರಿ ಬಿಗಿಯಾಗುತ್ತದೆ. ಎಷ್ಟನೇ ತೂತಿಗೆ ಹಾಕಬೇಕು ಅಂತ ಆಗಲೇ ಗೊತ್ತಾಗಿಬಿಡುತ್ತದೆ. ಎಡಗೈಯಲ್ಲಿ ಬರೆಯುವ ಮಕ್ಕಳು ಬಲಗೈಗೆ ಕಟ್ಟಲಿ, ಬಿಚ್ಚಿಡುವುದಾದರೆ ಕರ್ಚೀಫಿನ ಮೇಲೆ.

ಹೊರಡುವ ದಿನ ಬೆಳಗಿನ ಜಾವದ ಬಸ್ಸು. ಚಳಿ, ಸ್ವೆಟರ್ ಹಾಕಿಕೊಂಡಿದ್ದ. ಹಾಸನ ದಾಟಿದ ಮೇಲೆ ಫೋನ್ ಮಾಡಿದ, "ಮಾಮ, ವಾಚ್ ನಿಂತೋಯ್ತು." ನನ್ನ ಜೀವ ಬಾಯಿಗೆ ಬಂತು. ಕೀ ಒಳಗಿದೆಯಾ ನೋಡು ಅಂದೆ. ಇರಲಿಲ್ಲ, ಸ್ವೆಟರಿನ ಉಣ್ಣೆ ನೂಲು ಸಿಕ್ಕಿಹಾಕಿಕೊಂಡು ಕೀಯನ್ನು ಹೊರಗೆ ಎಳೆದಿತ್ತು. ಮೊಬೈಲ್ ನೋಡಿ ಟೈಮ್ ಕೂರಿಸಿ ಒತ್ತಿದ, ಓಡಿತು. ಪರೀಕ್ಷೆಯ ಐದೂ ದಿನ ಕೋಣೆಯೊಳಗೆ ಎಷ್ಟೇ ಚಳಿಯಿದ್ದರೂ ಎಡಗೈ ತೋಳನ್ನು ಮೊಣಕೈವರೆಗೆ ಮಡಚಿಯೇ ಬರೆದನಂತೆ.